ಒಂಬತ್ತನೇ ಮನೆಯಲ್ಲಿ ರವಿ-ರಾಹು: ಒಂದು ಪಿತೃದೋಷದ ಪ್ರಕರಣ

ಗಂಡನಿಗೆ 37, ಹೆಂಡತಿಗೆ 31. ಮಂಡ್ಯ ಕಡೆಯ ರೈತ ಕುಟುಂಬ, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ನನ್ನ ಹತ್ತಿರ ಬಂದದ್ದು 2024ರ ಆಗಸ್ಟ್‌ನಲ್ಲಿ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ, ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಎರಡು ಸಲ ಗರ್ಭ ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೇ ಸಲ ಹೀಗಾದ ಮೇಲೆ ಡಾಕ್ಟರು ಒಂದಷ್ಟು ಟೆಸ್ಟ್ ಬರೆದುಕೊಟ್ಟಿದ್ದರು. ಅಷ್ಟರಲ್ಲಿ ನೆಂಟರೊಬ್ಬರ ಮಾತು ಕೇಳಿ ಗಂಡನ ಜಾತಕವನ್ನು ಒಬ್ಬ ಜ್ಯೋತಿಷಿಗೆ ತೋರಿಸಿದರು. "ಒಂಬತ್ತರಲ್ಲಿ ರವಿ-ರಾಹು ಕೂತಿದ್ದಾರೆ, ಘೋರ ಪಿತೃದೋಷ. ಇದು ಕಳೆಯೋ ತನಕ ಮಗು ನಿಲ್ಲಲ್ಲ" ಎಂದರಂತೆ ಆತ. ಪರಿಹಾರ ಮೂರು ದಿನದ ನಾರಾಯಣಬಲಿ, ನಾಗಬಲಿ. ಹೋಗಿಬರುವ ಖರ್ಚೂ ಸೇರಿ 85,000 ರೂಪಾಯಿ. ಹೆಂಡತಿಯ ಬಳೆ ಅಡವಿಡುವ ಮಾತಾಗಿತ್ತು. ಟೆಸ್ಟ್ ಚೀಟಿ ಮಾತ್ರ ಮಡಚಿದ ಹಾಗೇ ಅವರ ಬ್ಯಾಗಿನಲ್ಲಿತ್ತು. "ಪೂಜೆ ಆಗ್ಲಿ, ಆಮೇಲೆ ನೋಡೋಣ ಅಂದ್ಕೊಂಡ್ವಿ ಮೇಡಂ" ಎಂದರು ಆಕೆ.

ಗಂಡ ಸುಮಾರು ಹೊತ್ತು ಮಾತೇ ಆಡಲಿಲ್ಲ. ಅಪ್ಪನ ಬಗ್ಗೆ ಕೇಳಿದಾಗ ಬಾಯಿಬಿಟ್ಟರು. ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ. ಆಗ ಇವರಿಗೂ ಸೋಂಕು ತಗುಲಿ ಕೋಣೆಯೊಳಗೆ ಬಂದಿ. ಚಿತಾಗಾರದ ಸಿಬ್ಬಂದಿಯೇ ಸುಟ್ಟರು. ಅಸ್ಥಿ ತರಲು ಯಾರೂ ಹೋಗಲಾಗಲಿಲ್ಲ. ಆ ವರ್ಷ ಮನೆಯವರು ಬಾರದೆ ಉಳಿದ ಅಸ್ಥಿಗಳನ್ನು ಸರ್ಕಾರವೇ ಮಳವಳ್ಳಿ ತಾಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟಿತ್ತು. ಅದರಲ್ಲಿ ಅಪ್ಪನದೂ ಇತ್ತೋ ಇಲ್ಲವೋ ಇವರಿಗೆ ಗೊತ್ತಿಲ್ಲ. ಆಮೇಲೆ ಜಮೀನು ಭಾಗದ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿತು. ಅಲ್ಲಿಂದೀಚೆಗೆ ಪಿತೃಪಕ್ಷದಲ್ಲಿ ಅಪ್ಪನಿಗೆ ಇವರ ಕೈಯಿಂದ ಎಡೆ ಇಟ್ಟಿಲ್ಲ. ಅಪ್ಪ ಹೊಸಲಿನ ಹೊರಗೆ ನಿಂತು ನೀರು ಕೇಳುವ ಕನಸು ಆಗಾಗ ಬೀಳುತ್ತದೆ. "ಅಪ್ಪನಿಗೆ ನನ್ನ ಮೇಲೆ ಸಿಟ್ಟಿದೆ. ಅದಕ್ಕೇ ಹಿಂಗಾಗ್ತಿದೆ ಅಲ್ವಾ?" ಎಂದು ಕೇಳಿದರು.

ಹಾಗಾಗಿ ಇಲ್ಲಿ ಮೂರು ವಿಷಯ ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಒಂದು ಜಾತಕ, ಇನ್ನೊಂದು ಅಪ್ಪನಿಗೆ ಮಾಡದೇ ಉಳಿದ ಕೆಲಸ, ಮತ್ತೊಂದು ಆಕೆಯ ದೇಹ. ಪಿತೃದೋಷ ಅನ್ನುವ ಒಂದೇ ಮಾತು ಮೂರನ್ನೂ ಒಟ್ಟಿಗೆ ಕಟ್ಟಿಹಾಕಿತ್ತು. ನಾನು ಮೊದಲು ಜಾತಕ ತೆಗೆದುಕೊಂಡೆ, ಭಯ ಶುರುವಾದದ್ದು ಅಲ್ಲಿಂದಲೇ.

ಹುಟ್ಟಿದ್ದು 1987ರ ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ. ಕಟಕ ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ ಕಟಕ. ಅಲ್ಲಿಂದ ಒಂಬತ್ತನೇ ಮನೆ ಮೀನ. ಭಾಗ್ಯ, ಧರ್ಮ, ಗುರು, ನಮ್ಮ ಕಡೆ ತಂದೆಯನ್ನೂ ನೋಡುವುದು ಈ ಮನೆಯಿಂದ. ತಂದೆಗೆ ಕಾರಕ, ಅಂದರೆ ತಂದೆಯನ್ನು ಸೂಚಿಸುವ ಗ್ರಹ, ರವಿ. ಆ ರವಿ ರಾಹು ಜೊತೆ ಮೀನದಲ್ಲೇ ಇದ್ದಾನೆ ಅನ್ನುವುದು ನಿಜ. ಆದರೆ ಜ್ಯೋತಿಷಿ ಅಷ್ಟಕ್ಕೇ ನಿಲ್ಲಿಸಿದ್ದರು. ಮೀನದ ಅಧಿಪತಿ ಗುರುವೂ ಅದೇ ಮನೆಯಲ್ಲಿದ್ದಾನೆ, ಅಂದರೆ ಒಂಬತ್ತರ ಯಜಮಾನ ಸ್ವಂತ ಮನೆಯಲ್ಲೇ ಕೂತಿದ್ದಾನೆ. ಒಂದು ಮನೆಗೆ ಇದಕ್ಕಿಂತ ದೊಡ್ಡ ಬಲ ಹುಡುಕುವುದು ಕಷ್ಟ. ಡಿಗ್ರಿ ನೋಡಿದರೆ ರವಿ 28ರ ಹತ್ತಿರ, ರಾಹು 17ರ ಹತ್ತಿರ. ಒಂದೇ ರಾಶಿಯಾದರೂ ಇಬ್ಬರೂ ಮೈಗೆ ಮೈ ತಾಗಿಸಿಕೊಂಡು ಇಲ್ಲ. ರಾಹುವಿಗೆ ತೀರಾ ಹತ್ತಿರ ಇರುವುದು ಗುರು. ಅದನ್ನು ಗುರುಚಂಡಾಲ ಎಂದು ಹೆದರಿಸುವವರೂ ಇದ್ದಾರೆ. ಸ್ವಕ್ಷೇತ್ರದ ಗುರುವಿಗೆ ಆ ಮಾತನ್ನು ಅಷ್ಟು ಸಲೀಸಾಗಿ ಅಂಟಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಅವರ ಜೊತೆ ಒಂದು ಲೆಕ್ಕ ಹಾಕಿದೆ. ರಾಹು ಒಂದು ರಾಶಿಯಲ್ಲಿ ಸುಮಾರು ಒಂದೂವರೆ ವರ್ಷ ಇರುತ್ತಾನೆ. ರವಿ ಪ್ರತಿ ರಾಶಿಯಲ್ಲೂ ಒಂದು ತಿಂಗಳು. ಹಾಗಾಗಿ ವರ್ಷಕ್ಕೆ ಒಂದು ತಿಂಗಳು ರವಿ ರಾಹು ಜೊತೆ, ಇನ್ನೊಂದು ತಿಂಗಳು ಕೇತು ಜೊತೆ ಇದ್ದೇ ಇರುತ್ತಾನೆ. ಆರು ಜನರಲ್ಲಿ ಒಬ್ಬರಿಗೆ ಇದೇ ಆಯಿತು. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಆದ್ದರಿಂದ ಒಂಬತ್ತರಲ್ಲಿ ರಾಹು ಅಥವಾ ಕೇತು ಇರುವವರೂ ಆರರಲ್ಲಿ ಒಬ್ಬರು. ಒಂಬತ್ತರ ಅಧಿಪತಿ ಆರು, ಎಂಟು, ಹನ್ನೆರಡರಲ್ಲಿ ಇದ್ದರೂ ದೋಷ ಎನ್ನುತ್ತಾರೆ. ಅದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಬರುತ್ತದೆ. ಈ ಮೂರರಲ್ಲಿ ಯಾವುದಾದರೂ ಒಂದು ಇದ್ದರೆ ಪಿತೃದೋಷ ಅಂದುಬಿಟ್ಟರೆ, ಊರಿನ ಸರಿಸುಮಾರು ಅರ್ಧ ಜನರಿಗೆ ದೋಷ ಇದೆ ಎಂದಾಯಿತು. ಆ ಅರ್ಧ ಜನರಲ್ಲಿ ಹೆಚ್ಚಿನವರಿಗೆ ಮಕ್ಕಳಿದ್ದಾರೆ. ಈ ಲೆಕ್ಕ ಕೇಳಿದಾಗ ಆತ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು.

ಹಳೆಯ ಗ್ರಂಥ ಏನು ಹೇಳುತ್ತದೆ ಅನ್ನುವುದೂ ಮುಖ್ಯ. ಬೃಹತ್ ಪರಾಶರ ಹೋರಾಶಾಸ್ತ್ರದಲ್ಲಿ ಸಂತಾನ ಇಲ್ಲದವರ ಬಗ್ಗೆ ಒಂದು ಅಧ್ಯಾಯವಿದೆ. ಸರ್ಪಶಾಪ, ಪಿತೃಶಾಪ, ಮಾತೃಶಾಪ ಎಲ್ಲ ಅಲ್ಲೇ ಬರುತ್ತವೆ. ಅಲ್ಲಿ ಪಿತೃಶಾಪ ಹೇಳುವಾಗ ಮುಖ್ಯವಾಗಿ ಹಿಡಿಯುವುದು ಸಂತಾನದ ಐದನೇ ಮನೆ ಮತ್ತು ರವಿಯನ್ನು. ಅದೂ ರವಿ ನೀಚನಾಗಿ ಐದರಲ್ಲಿರಬೇಕು, ಶನಿಯ ಅಂಶದಲ್ಲಿರಬೇಕು, ಎರಡೂ ಪಕ್ಕ ಪಾಪಗ್ರಹ ಇರಬೇಕು ಎಂಬಂಥ ಬಿಗಿಯಾದ ಷರತ್ತುಗಳು. ಒಂಬತ್ತರಲ್ಲಿ ರಾಹು ಕಂಡ ತಕ್ಷಣ ಹೇಳುವ ಮಾತಲ್ಲ ಅದು. ಇವರ ಐದನೇ ಮನೆ ವೃಶ್ಚಿಕ, ಅಲ್ಲಿ ಶನಿ ಇದ್ದಾನೆ. ಸಂಪ್ರದಾಯದ ಪ್ರಕಾರ ಇದು ತಡ ಮಾಡುವ ಯೋಗ. ಆದರೆ ಒಂಬತ್ತರ ಗುರುವಿನ ದೃಷ್ಟಿ ಆ ಐದರ ಮೇಲೆ ಬೀಳುತ್ತದೆ. ವೃಶ್ಚಿಕದ ಅಧಿಪತಿ ಕುಜನೂ ವೃಷಭದಲ್ಲಿ ಕೂತು ತನ್ನ ಮನೆಯನ್ನೇ ನೋಡುತ್ತಿದ್ದಾನೆ. ಜಾತಕವನ್ನು ನಂಬುವವರ ಲೆಕ್ಕದಲ್ಲೇ ನೋಡಿದರೂ "ಮಗು ನಿಲ್ಲಲ್ಲ" ಅನ್ನುವುದಕ್ಕೆ ಇಲ್ಲಿ ಆಧಾರ ಇಲ್ಲ. ಮಗು ಆಗೇ ಆಗುತ್ತದೆ ಅಂತಲೂ ನಾನು ಹೇಳಲಿಲ್ಲ. ಗರ್ಭಪಾತ ಯಾಕಾಯಿತು ಅನ್ನುವುದನ್ನು ಕುಂಡಲಿ ತೋರಿಸುವುದಿಲ್ಲ.

ಇನ್ನು ಪರಿಹಾರ. ನಾರಾಯಣಬಲಿ ಯಾವುದಕ್ಕೆ ಅಂತ ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಅದು ದುರ್ಮರಣಕ್ಕೆ ಮಾಡುವ ಕರ್ಮ. ನೀರಿಗೆ ಬಿದ್ದು, ಬೆಂಕಿಗೆ ಸಿಕ್ಕಿ, ಹಾವು ಕಚ್ಚಿ, ಆತ್ಮಹತ್ಯೆಯಿಂದ ಸತ್ತವರಿಗೆ. ಐದು ಕಲಶ ಇಟ್ಟು ಬ್ರಹ್ಮ, ವಿಷ್ಣು, ರುದ್ರ, ಯಮ ಮತ್ತು ಪ್ರೇತವನ್ನು ಕರೆದು ಪೂಜಿಸುತ್ತಾರೆ, ಪಿಂಡ ಇಡುತ್ತಾರೆ. ನಾಗಬಲಿ ಹಾವು ಕೊಂದ ದೋಷಕ್ಕೆ. ಇವರ ಮನೆಯಲ್ಲಿ ಹಾವು ಕೊಂದ ಸುದ್ದಿಯೇ ಇಲ್ಲ. ಅಪ್ಪ ಹೋದದ್ದು ಕಾಯಿಲೆಯಿಂದ, ಅದನ್ನು ಸಾಮಾನ್ಯವಾಗಿ ದುರ್ಮರಣ ಎನ್ನುವುದಿಲ್ಲ. ಜೊತೆಗೆ ಹೋಮ, ಪಿಂಡ ಇವರ ಮನೆಯ ಪದ್ಧತಿಯೂ ಅಲ್ಲ. ಇವರ ಪದ್ಧತಿ ಎಡೆ. ಸತ್ತವರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಬಡಿಸಿ, ಧೂಪ ಹಾಕಿ, ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ, ಆಮೇಲೆ ಮನೆಯವರು ಊಟ ಮಾಡುವುದು. ಹಿರಿಯರಿಗೆ ಏನು ಬಾಕಿ ಇದೆಯೋ ಅದನ್ನು ಅವರಿಗೆ ಗೊತ್ತಿದ್ದ ರೀತಿಯಲ್ಲೇ ಕೊಡಬೇಕು, ಅಲ್ವಾ?

ಖರ್ಚಿನ ಬಗ್ಗೆಯೂ ಹೇಳಿದೆ. ಶ್ರಾದ್ಧಕ್ಕೆ ಗತಿಯಿಲ್ಲದವನು ಹಸುವಿಗೆ ಒಂದು ಹಿಡಿ ಹುಲ್ಲು ಹಾಕಲಿ, ಅದೂ ಆಗದಿದ್ದರೆ ಎರಡೂ ಕೈ ಎತ್ತಿ ನನ್ನ ಬಳಿ ಏನೂ ಇಲ್ಲ, ಭಕ್ತಿಯಿಂದಲೇ ತೃಪ್ತರಾಗಿ ಎಂದು ಪಿತೃಗಳಿಗೆ ಹೇಳಲಿ ಎಂದು ವಿಷ್ಣುಪುರಾಣವೇ ಹೇಳುತ್ತದೆ. ಸಾಲ ಮಾಡಿ, ಬಳೆ ಅಡವಿಟ್ಟು ಮಾಡು ಅಂತ ಯಾವ ಹಿರಿಯರೂ ಕೇಳುವುದಿಲ್ಲ. ಯಾರಾದರೂ ದಿನ ಗೊತ್ತು ಮಾಡಿ, ಅಷ್ಟರೊಳಗೆ ಮಾಡಿಸದಿದ್ದರೆ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎಂದರೆ ಅಲ್ಲಿಂದ ಎದ್ದು ಬರಬೇಕು. ಇವರಿಗೆ ಹಾಗೂ ಹೇಳಿದ್ದರಂತೆ.

ನಾನು ಕೊಟ್ಟ ಸಲಹೆ ಹೀಗಿತ್ತು. 85,000ದ ಪೂಜೆ ಬೇಡ. ಬಳೆ ಕೈಯಲ್ಲೇ ಇರಲಿ. ಟೆಸ್ಟ್ ಆ ವಾರವೇ ಮಾಡಿಸಬೇಕು, ಎಡೆ ಆಗುವ ತನಕ ಕಾಯಬಾರದು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಏರುಪೇರು, ಅದು ಯಾರ ತಪ್ಪೂ ಅಲ್ಲ. ಆದರೆ ಎರಡು ಸಲ ಆದ ಮೇಲೆ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ತೊಂದರೆ, ಗರ್ಭಕೋಶದ ಆಕಾರ, ಇಬ್ಬರ ವರ್ಣತಂತು ಇವನ್ನೆಲ್ಲ ನೋಡಲೇಬೇಕು. ಇದರಲ್ಲಿ ಕೆಲವಕ್ಕೆ ಮದ್ದಿದೆ. ಇನ್ನೊಂದು ಗರ್ಭ ನಿಲ್ಲುವ ಮೊದಲೇ ಅದು ಶುರುವಾಗಬೇಕು. ತಡ ಮಾಡಿದರೆ ಕಳೆದುಹೋಗುವುದು ಆ ಅವಕಾಶ.

ಅಪ್ಪನ ಕೆಲಸ ಬೇರೆ. ಅದನ್ನು ಮಾಡಿ, ಆದರೆ ಮಗುವಿಗಾಗಿ ಮಾಡಬೇಡಿ ಎಂದೆ. ಮಗನಾಗಿ ಮಾಡಲಾಗದೇ ಉಳಿದದ್ದನ್ನು ಮಾಡುವುದಕ್ಕೆ ಮಾಡಿ. ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿದ್ದಿತ್ತು, ಗಾಂಧಿ ಜಯಂತಿ ರಜೆ. ತೀರಿಕೊಂಡ ತಿಥಿಯಲ್ಲಿ ಮಾಡಲಾಗದವರಿಗೂ ಆ ದಿನ ನಡೆಯುತ್ತದೆ. ಊರಿಗೆ ಹೋಗಿ, ಅಣ್ಣನಿಗೆ ನೀವೇ ಫೋನ್ ಮಾಡಿ, ಜಮೀನಿನ ಮಾತು ಅವತ್ತು ಎತ್ತಬೇಡಿ ಎಂದೆ. ಅಸ್ಥಿ ಬಿಡಲಾಗಲಿಲ್ಲ ಅನ್ನುವ ಕೊರಗು ಇದ್ದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಒಂದು ಬೊಗಸೆ ಎಳ್ಳುನೀರು ಬಿಟ್ಟು ಬನ್ನಿ, ಅದಕ್ಕೆ ಕಪ್ಪೆಳ್ಳು, ದರ್ಭೆ ಸಾಕು. ದಕ್ಷಿಣಕ್ಕೆ ಮುಖ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಮೂರು ಸಲ ನೀರು ಬಿಡುವುದು, ಅಪ್ಪ, ತಾತ, ಮುತ್ತಾತನ ಹೆಸರು ಹೇಳುವುದು.

ಇದರಿಂದ ಏನಾಗಬಹುದು, ಏನಾಗಲಾರದು ಅನ್ನುವುದನ್ನೂ ಮೊದಲೇ ಬಿಡಿಸಿ ಹೇಳಿದೆ. ಕೊರಗು ಇಳಿಯಬಹುದು, ಅಣ್ಣನ ಜೊತೆ ಮಾತು ಶುರುವಾಗಬಹುದು. ಥೈರಾಯ್ಡ್ ಸರಿಹೋಗುವುದಿಲ್ಲ, ವರ್ಣತಂತು ಬದಲಾಗುವುದಿಲ್ಲ. ಮುಂದೆ ಮಗು ಆದರೆ ಎಡೆಯಿಂದ ಆಯಿತು ಅಂತಾಗಲಿ, ಮತ್ತೆ ಗರ್ಭ ಹೋದರೆ ಅಪ್ಪನ ಸಿಟ್ಟು ಇಳಿದಿಲ್ಲ ಅಂತಾಗಲಿ ಇಬ್ಬರೂ ಅಂದುಕೊಳ್ಳಬಾರದು. ಎಡೆ ಇಟ್ಟ ಮೇಲೂ ನಿದ್ದೆ ಬಾರದೆ, ಅದೇ ಕನಸು, ತಪ್ಪು ನಂದೇ ಅನ್ನುವ ಯೋಚನೆ ಹಾಗೇ ಉಳಿದರೆ ಮನೋವೈದ್ಯರನ್ನು ನೋಡಬೇಕು, ಇನ್ನೊಬ್ಬ ಜ್ಯೋತಿಷಿಯನ್ನಲ್ಲ.

ನವೆಂಬರ್‌ನಲ್ಲಿ ಮತ್ತೆ ಬಂದರು. ಆಕೆಗೆ ಥೈರಾಯ್ಡ್ ಕಡಿಮೆ ಇರುವುದು ರಿಪೋರ್ಟಿನಲ್ಲಿ ಬಂದಿತ್ತು. ಗರ್ಭ ಹೋದದ್ದಕ್ಕೆ ಅದೂ ಒಂದು ಕಾರಣ ಇರಬಹುದು, ಅದೊಂದೇ ಅಂತ ಹೇಳಲಾಗದು ಎಂದು ಡಾಕ್ಟರು ಹೇಳಿ ಮಾತ್ರೆ ಶುರು ಮಾಡಿದ್ದರು. ಎಡೆ ಇಟ್ಟದ್ದು ಅಣ್ಣನ ಮನೆಯಲ್ಲೇ. ಮುದ್ದೆ, ಮಟನ್ ಸಾರು, ಒಬ್ಬಟ್ಟು, ಪಕ್ಕದಲ್ಲಿ ಅಪ್ಪ ಸೇದುತ್ತಿದ್ದ ಬೀಡಿಯ ಒಂದು ಕಟ್ಟು. ಬೀಡಿ ತಂದಿಟ್ಟದ್ದು ಅಣ್ಣ. ಜಮೀನಿನ ತಕರಾರು ಇನ್ನೂ ಬಗೆಹರಿದಿಲ್ಲ. ಕನಸು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ ಎಂದರು. ಅದಕ್ಕೆ ಆತನಿಗೆ ತಿಂಗಳಿಗೊಮ್ಮೆ ನನ್ನ ಹತ್ತಿರ ಬರಲು ಹೇಳಿದ್ದೇನೆ. ಥೈರಾಯ್ಡ್ ಹತೋಟಿಗೆ ಬಂದು ಡಾಕ್ಟರು ಸರಿ ಎನ್ನುವ ತನಕ ಇನ್ನೊಂದು ಗರ್ಭದ ಯೋಚನೆ ಬೇಡ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ.