ಮಣ್ಣು ಯಾವಾಗ?

ಅವನನ್ನು ಇಲ್ಲಿ ಮಂಜು ಅಂತ ಕರೆಯುತ್ತೇನೆ. ಹೆಸರುಗಳು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ.

ಮಂಜು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ. ಮನೆ ಹತ್ತಿರದ ಹಳ್ಳಿಯಲ್ಲಿ. ಆಪ್ತಸಮಾಲೋಚನೆಗೆ ಅಂತ ಬಂದು ನನ್ನ ಮುಂದೆ ಕೂತವನೇ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅದು ಮತ್ತೆ ಮತ್ತೆ ಗುಂಯ್ ಅನ್ನುತ್ತಿತ್ತು. "ಸರ್, ಇದನ್ನ ಏನ್ ಮಾಡ್ಲಿ ಹೇಳ್ರಿ" ಅಂದ. ಅಣ್ಣ ತೀರಿಕೊಂಡು ಅವತ್ತಿಗೆ ಒಂಬತ್ತು ದಿನ. ಸೌದಿ ಅರೇಬಿಯಾದಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ಸಾರುವೆಯಿಂದ ಬಿದ್ದಿದ್ದ. ವಯಸ್ಸು 34. ದೇಹ ಇನ್ನೂ ಅಲ್ಲೇ, ಆಸ್ಪತ್ರೆಯ ಶವಾಗಾರದಲ್ಲಿತ್ತು.

ಫೋನ್ ತೆಗೆದು ತೋರಿಸಿದ. ನೆಂಟರು, ಊರಿನವರು, ಅಣ್ಣನ ಜೊತೆ ಓದಿದವರು, ಸಂಘದವರು. ನೂರಾರು ಮೆಸೇಜು, ಹೆಚ್ಚಿನವು ಒಂದೇ ಮಾತು: "ಮಣ್ಣು ಯಾವಾಗ ಐತಪ್ಪ?" ಕೇಳಿದವರದ್ದು ತಪ್ಪೇನಿಲ್ಲ. ನಮ್ಮ ಕಡೆ ಸಾವಿನ ಸುದ್ದಿ ಕೇಳಿದ ತಕ್ಷಣ ಕೇಳುವ ಮೊದಲ ಪ್ರಶ್ನೆಯೇ ಅದು. ಹೊತ್ತು ಗೊತ್ತಾದರೆ ಬಸ್ಸು ಹಿಡಿಯಬೇಕು, ಹಾರ ತರಬೇಕು. ಬೇರೆ ಸಾವಿನಲ್ಲಿ ಈ ಪ್ರಶ್ನೆಗೆ ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ. ಉತ್ತರ ಇಲ್ಲದ ಪ್ರಶ್ನೆಯನ್ನು ಒಬ್ಬನಿಗೇ ದಿನಕ್ಕೆ ಐವತ್ತು ಸಲ ಕೇಳಿದರೆ ಅವನು ಏನು ಮಾಡುತ್ತಾನೆ? ಏನೋ ಒಂದು ಹೇಳಿಬಿಡುತ್ತಾನೆ.

ಮಂಜು ಮಾಡಿದ್ದೂ ಅದನ್ನೇ. ಕಂಪನಿ ಕಡೆಯವನು "ಗುರುವಾರ ಟಿಕೆಟ್ ಆಗಬಹುದು" ಅಂದಿದ್ದ. ಇವನು ಗ್ರೂಪಿನಲ್ಲಿ "ಗುರುವಾರ ಬರುತ್ತೆ" ಅಂತ ಹಾಕಿದ. ಬುಧವಾರವೇ ಮನೆ ತುಂಬ ನೆಂಟರು. ಗುರುವಾರ ಬೆಳಗ್ಗೆ ಹೊಲದ ಬದಿಯಲ್ಲಿ ಕುಣಿ ತೋಡಿದರು. ಮಧ್ಯಾಹ್ನವಾದರೂ ಸುದ್ದಿಯಿಲ್ಲ. ಸಂಜೆಗೆ ಗೊತ್ತಾಯಿತು, ಪೊಲೀಸರ ಕಾಗದವೇ ಆಗಿಲ್ಲ ಅಂತ. ತೋಡಿದ ಕುಣಿಯನ್ನು ಖಾಲಿ ಬಿಡಬಾರದು ಅಂತ ಹಿರಿಯರು ಕತ್ತಲಲ್ಲೇ ಮುಚ್ಚಿಸಿದರು. ಸಲಿಕೆಯಲ್ಲಿ ಮಣ್ಣು ಎಳೆಯುವ ಸದ್ದು ಅವ್ವನಿಗೆ ಮನೆಯವರೆಗೂ ಕೇಳಿಸಿತಂತೆ. ಅವತ್ತಿನಿಂದ ಮಂಜುಗೆ ನಿದ್ದೆಯಿಲ್ಲ. ಅಣ್ಣನ ಸಾವಿಗಿಂತ ಆ ಮುಚ್ಚಿದ ಕುಣಿಯ ಬಗ್ಗೆಯೇ ಜಾಸ್ತಿ ಮಾತಾಡಿದ.

ಇಂಥ ಪ್ರಕರಣದಲ್ಲಿ ಮನಸ್ಸಿನ ಮಾತಿಗೆ ಮೊದಲು ಕಾಗದದ ಮಾತು ಬೇಕಾಗುತ್ತದೆ. ಹಾಗಾಗಿ ಅವತ್ತು ನಾವಿಬ್ಬರೂ ಒಂದು ಹಾಳೆ ಹಿಡಿದು ಕೂತೆವು. ಸಹಜ ಸಾವಾದರೆ ಬೇಗ ಮುಗಿಯುತ್ತದೆ. ಕೆಲಸದ ಜಾಗದ ಅಪಘಾತವಾದರೆ ಪೊಲೀಸ್ ವಿಚಾರಣೆ, ಕೆಲವು ಸಲ ಶವಪರೀಕ್ಷೆ. ಅದು ಮುಗಿದ ಮೇಲೆ ಮರಣ ಪ್ರಮಾಣಪತ್ರ. ಊರಿನಿಂದ ವಾರಸುದಾರರ ಒಪ್ಪಿಗೆ ಪತ್ರ, ನೋಟರಿ ಸಹಿ ಹಾಕಿಸಿ ಕಳಿಸಬೇಕು. ಆಮೇಲೆ ಭಾರತದ ರಾಯಭಾರ ಕಚೇರಿ ಪಾಸ್‌ಪೋರ್ಟ್ ರದ್ದು ಮಾಡಿ ಎನ್‌ಒಸಿ ಕೊಡುತ್ತದೆ. ಕೊನೆಗೆ ದೇಹ ಕೆಡದಂತೆ ಔಷಧಿ ಹಾಕಿಸಿ, ಅದರ ಪ್ರಮಾಣಪತ್ರ ಪಡೆದು, ವಿಮಾನದ ಕಾರ್ಗೋದಲ್ಲಿ ಜಾಗ ಹಿಡಿಯಬೇಕು. ಅಲ್ಲಿ ಶುಕ್ರವಾರ, ಶನಿವಾರ ಕಚೇರಿ ರಜೆ. ಇವರಣ್ಣ ಸತ್ತದ್ದು ಗುರುವಾರ ಸಂಜೆ, ಅಂದರೆ ಮೊದಲ ಎರಡು ದಿನ ಒಂದು ಕಾಗದವೂ ಅಲುಗಾಡಿರಲಿಲ್ಲ. ಇದನ್ನು ಮಂಜುಗೆ ಯಾರೂ ಹೇಳಿರಲಿಲ್ಲ. ತಾನು ಸರಿಯಾಗಿ ಓಡಾಡಲಿಲ್ಲ ಅಂತ ಅವನು ಕೊರಗುತ್ತಿದ್ದ.

ಒಪ್ಪಿಗೆ ಪತ್ರ ಇನ್ನೂ ಹೋಗಿರಲಿಲ್ಲ. ಅತ್ತಿಗೆಯ ಸಹಿ ಬೇಕಿತ್ತು, ಅವಳಿಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪತ್ರದಲ್ಲಿ "ಊರಿಗೆ ಕಳಿಸಿ" ಅಂತಿದೆಯೋ "ಅಲ್ಲೇ ಮಣ್ಣು ಮಾಡಿ" ಅಂತಿದೆಯೋ ಓದಿಸಿ, ಅವಳಿಗೆ ಅರ್ಥವಾದ ಮೇಲೆಯೇ ಸಹಿ ಹಾಕಿಸು ಅಂದೆ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆವು. ಸೌದಿಯಲ್ಲಿ ದೇಹ ಕಳಿಸುವ ಖರ್ಚು ಮಾಲೀಕನದ್ದು. ಅವನು ಕೈ ಎತ್ತಿದರೆ ರಾಯಭಾರ ಕಚೇರಿಯಲ್ಲಿ ಸಮುದಾಯ ಕಲ್ಯಾಣ ನಿಧಿ ಅಂತ ಇದೆ, ಅಲ್ಲಿ ಕೇಳಬಹುದು. ಇವರಿಗೆ ಅದರ ಅಗತ್ಯ ಬೀಳಲಿಲ್ಲ.

ಆಮೇಲೆ ಫೋನಿನ ಕಡೆ ಬಂದೆವು. ನಾನು ಹೇಳಿದ್ದು ಇಷ್ಟು. ಒಬ್ಬೊಬ್ಬರಿಗೆ ಉತ್ತರ ಕೊಡಬೇಡ. ದಿನಕ್ಕೆ ಒಂದು ಮೆಸೇಜು, ಒಂದೇ ಹೊತ್ತಿಗೆ, ಸಂಜೆ ಏಳಕ್ಕೆ. ಹೇಳಲು ಏನೂ ಇಲ್ಲದ ದಿನವೂ ಬರೆ, ಆ ದಿನ ತಪ್ಪಿದರೆ ಊರಿನವರು ತಾವೇ ಒಂದು ಸುದ್ದಿ ಹುಟ್ಟಿಸುತ್ತಾರೆ. ಆಗಿರುವ ಕಾಗದ ಯಾವುದು, ಬಾಕಿ ಯಾವುದು ಅಂತ ಬರೆ. ದಿನಾಂಕ ಮಾತ್ರ ಬರೆಯಬೇಡ.

"ಯಾವಾಗ ಬರೀಲಿ ಹಂಗಾದ್ರೆ?" ಅಂದ. ಏರ್‌ವೇ ಬಿಲ್ ನಂಬರ್ ಕೈಗೆ ಬಂದ ಮೇಲೆ. ವಿಮಾನದಲ್ಲಿ ಸರಕು ಕಳಿಸುವ ರಸೀದಿಯ ಮೇಲಿನ ಹನ್ನೊಂದು ಅಂಕಿಯ ನಂಬರ್ ಅದು. ವಿಮಾನ ಕಂಪನಿಯ ಕಾರ್ಗೋ ಪುಟದಲ್ಲಿ ಹಾಕಿದರೆ ಪೆಟ್ಟಿಗೆ ಎಲ್ಲಿದೆ ಅಂತ ತೋರಿಸುತ್ತದೆ. "ಟಿಕೆಟ್ ಆಗುತ್ತೆ", "ಆಗೇ ಹೋಯ್ತು ಅನ್ಕೊಳ್ರಿ" ಅನ್ನುವ ಮಾತಿಗೆ ಬೆಲೆ ಕೊಡಬೇಡ, ನಂಬರ್ ಕೇಳು ಅಂದೆ. ನಂಬರ್ ಬಂದರೂ ದಿನ ಮಾತ್ರ ಹೇಳು, ಗಂಟೆ ಹೇಳಬೇಡ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆರೋಗ್ಯಾಧಿಕಾರಿ, ಕಸ್ಟಮ್ಸ್ ಕೆಲಸಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಸಿರಾ, ಹಿರಿಯೂರು, ಚಿತ್ರದುರ್ಗ ದಾಟಿ ಬರಲು ಇನ್ನೂ ಐದಾರು ಗಂಟೆ. ಆಂಬುಲೆನ್ಸ್ ಬೆಂಗಳೂರು ಬಿಟ್ಟ ಮೇಲೆ ಕುಣಿ ತೋಡಿದರೂ ಸಾಕು.

ಅವತ್ತೇ ನನ್ನ ಮುಂದೆ ಮೊದಲ ಮೆಸೇಜು ಬರೆದ. ಮೊದಲು "ಬಾಡಿ" ಅಂತ ಬರೆದಿದ್ದ. ಅಳಿಸಿ "ಅಣ್ಣ" ಅಂತ ಮಾಡಿದ. ನಾನು ಹೇಳಿರಲಿಲ್ಲ. ಕೊನೆಗೆ ಹೀಗಾಯಿತು:

"ಅಣ್ಣ ಇನ್ನೂ ಅಲ್ಲೇ ಆಸ್ಪತ್ರೆಯಲ್ಲಿ ಇದ್ದಾನೆ. ಪೊಲೀಸ್ ಕಾಗದ ಬಾಕಿ ಐತಿ. ದಿನ ಗೊತ್ತಾಗಿಲ್ಲ, ಗೊತ್ತಾದಾಗ ನಾನೇ ಹೇಳ್ತೀನಿ. ಅವ್ವಗ, ಅತ್ತಿಗೆಗೆ ಫೋನ್ ಮಾಡಿ ಕೇಳಬ್ಯಾಡ್ರಿ. ನಾಳೆ ಏಳಕ್ಕೆ ಮತ್ತೆ ಬರೀತೀನಿ."

ಹದಿಮೂರನೇ ದಿನ ಅತ್ತಿಗೆಯನ್ನು ಕರೆದುಕೊಂಡು ಬಂದ. ಲತಾ ಅನ್ನೋಣ. ಅವಳ ಫೋನಿನ ಕಥೆ ಬೇರೆ. ಗಂಡ ಸತ್ತ ಮರುದಿನದಿಂದ ಅವಳು ಅವನ ನಂಬರಿಗೇ ಮೆಸೇಜು ಹಾಕುತ್ತಿದ್ದಳು. "ಊಟ ಆಯ್ತಾ?" "ಯಾಕೆ ಫೋನ್ ಎತ್ತಲ್ಲ?" ಎಲ್ಲಕ್ಕೂ ಒಂದೇ ಟಿಕ್ಕು. ಹತ್ತನೇ ದಿನ ಬೆಳಗ್ಗೆ ಎಲ್ಲಕ್ಕೂ ಎರಡೆರಡು ಟಿಕ್ಕು ಬಿದ್ದವು. ಬೀದಿಗೆ ಓಡಿ ಬಂದು "ಅವರು ಬದುಕಿದಾರೆ, ಬೇರೆ ಯಾರನ್ನೋ ನೋಡಿ ಹೇಳಿದಾರೆ" ಅಂತ ಕೂಗಿದಳಂತೆ. ಆಗಿದ್ದು ಇಷ್ಟೇ. ಪೊಲೀಸರು ಫೋನನ್ನು ರೂಮಿನವನಿಗೆ ವಾಪಸ್ ಕೊಟ್ಟಿದ್ದರು. ಅವನು ಪಾಪ, ಮನೆಯವರ ನಂಬರ್ ಹುಡುಕಲು ಚಾರ್ಜಿಗೆ ಹಾಕಿದ್ದ.

ದೇಹ ಕಣ್ಣಿಗೆ ಬೀಳುವ ತನಕ ಸಾವನ್ನು ನಂಬದಿರುವುದು ಹುಚ್ಚಲ್ಲ. ಹಾಗಂತ ಅವಳಿಗೆ ಹೇಳಿದೆ. ಮೆಸೇಜು ಹಾಕುವುದನ್ನು ನಿಲ್ಲಿಸು ಅನ್ನಲಿಲ್ಲ. ರೂಮಿನವನಿಗೆ ಮಂಜು ಕೈಲಿ ಬರೆಸಿದೆ: ಫೋನ್ ಆಫ್ ಮಾಡಿಡಿ, ಆನ್ ಮಾಡುವ ಮೊದಲು ನನಗೆ ತಿಳಿಸಿ, ಸಾಮಾನಿನ ಜೊತೆ ಕಳಿಸಿಕೊಡಿ. ವಿದೇಶದಲ್ಲಿ ಜೊತೆಗಾರನನ್ನು ಕಳೆದುಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇದೊಂದನ್ನು ನೆನಪಿಡಿ. ಅಪಘಾತದ ಜಾಗದ ಫೋಟೋ, ವಿಡಿಯೋ ಬಗ್ಗೆಯೂ ಅಷ್ಟೇ. ಗುರುತು ಹಿಡಿಯಲು ಬೇಕಾದರೆ ಮನೆಯ ಒಬ್ಬ ಗಂಡಸಿಗೆ, ಮೊದಲೇ ಫೋನ್ ಮಾಡಿ ಹೇಳಿ, ಆಮೇಲೆ ಕಳಿಸಿ. ಇವರ ಊರಿನ ಗ್ರೂಪಿಗೆ ಒಂದು ವಿಡಿಯೋ ಬಂದೇಬಿಟ್ಟಿತ್ತು.

ಲತಾಗೆ ಸಿಟ್ಟು ಇದ್ದದ್ದು ಹಾರ ಹಾಕಿದ ಫೋಟೋಗಳ ಮೇಲೆ. "ಓಂ ಶಾಂತಿ ಅಂತಾರೆ ಸರ್. ಇನ್ನೂ ಮನೆಗೆ ಬಂದೇ ಇಲ್ಲ, ಆಗ್ಲೇ ಕಳಿಸಿಬಿಟ್ರು." ಅವಳಿಗೆ ಹಿಡಿಸಿದ ಮೆಸೇಜು ಒಂದೇ. ಓಣಿಯ ಗೆಳತಿಯದ್ದು: "ನಾಳೆ ಬೆಳಗ್ಗೆ ಹುಡುಗನ್ನ ನಾನೇ ಸ್ಕೂಲಿಗೆ ಬಿಡ್ತೀನಿ. ನೀ ಏನೂ ಬರೀಬ್ಯಾಡ." "ಏನಾದ್ರೂ ಬೇಕಾದ್ರೆ ಹೇಳು" ಅಂತ ಬರೆದವರು ನಲವತ್ತು ಜನ ಇದ್ದರು. ಒಬ್ಬರಿಗೂ ಅವಳು ಹೇಳಲಿಲ್ಲ.

ಆ ಹುಡುಗನಿಗೆ ಆರು ವರ್ಷ. "ಅಪ್ಪ ವಿಮಾನದಲ್ಲಿ ಬರ್ತಾರೆ" ಅಂತ ಯಾರೋ ಹೇಳಿ, ಅವನು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದ. ನನ್ನ ಕೋಣೆಯಲ್ಲೇ ಲತಾ ಅವನಿಗೆ ಹೇಳಿದಳು: ಅಪ್ಪ ಸತ್ತು ಹೋಗಿದ್ದಾರೆ, ಬರುವುದು ಅವರ ಮೈ, ಅದು ಮಾತಾಡಲ್ಲ, ಏಳಲ್ಲ. ಅವನು "ನನ್ನ ಸೈಕಲ್?" ಅಂದ. ನಾನು ಅದಕ್ಕೆ ಏನೂ ಹೇಳಲಿಲ್ಲ.

ಇನ್ನೊಂದು ಗಂಟು ಒಲೆಯದ್ದು. ಮಣ್ಣಾಗುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಅಂತ ಅವ್ವ ಹಟ ಹಿಡಿದಿದ್ದಳು. ಮೊದಲ ನಾಲ್ಕೈದು ದಿನ ಓಣಿಯವರು ಬುತ್ತಿ ತಂದರು. ಎಷ್ಟು ದಿನ ತರುತ್ತಾರೆ? ಹತ್ತು ದಿನವಾದ ಮೇಲೆ ಮನೆಯವರು ಬಿಸ್ಕತ್ತಿನ ಮೇಲೆ ಇದ್ದರು. ಅವ್ವ ಬಿಪಿ ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗುತ್ತಿದ್ದಳು. ಇದರಲ್ಲಿ ನನ್ನ ಮಾತು ನಡೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಯ್ಯನೋರನ್ನು ಕೇಳು ಅಂದೆ. ಅವರು ಮನೆಗೇ ಬಂದು, ದಿನದ ಲೆಕ್ಕ ಮಣ್ಣಾದ ದಿನದಿಂದ ಶುರು, ಅಲ್ಲಿ ತನಕ ಉಂಡು ಕಾಯಿರಿ ಅಂದರಂತೆ. ಅವತ್ತು ರಾತ್ರಿ ಅನ್ನ, ಸಾರು ಆಯಿತು.

ಮಂಜುಗೆ ರಾತ್ರಿ ಎದೆ ಹೊಡೆದುಕೊಂಡರೆ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು ಅಂದಿದ್ದೆ. ಎರಡು ಸಲ ಮಾಡಿದನಂತೆ. ಕನ್ನಡದಲ್ಲೇ ಮಾತಾಡಿದರು ಅಂದ.

ಇಪ್ಪತ್ತನೇ ದಿನ ನಂಬರ್ ಬಂತು. ನನಗೆ ಫೋನ್ ಮಾಡಿ ಹನ್ನೊಂದು ಅಂಕಿಯನ್ನೂ ಓದಿ ಹೇಳಿದ. ಉಳಿದದ್ದು ಪೆಟ್ಟಿಗೆ ತೆಗೆಯುವ ಮಾತು. ಬಿದ್ದು ಸತ್ತವರ ಮುಖ, ಅದೂ ಮೂರು ವಾರ ಶವಾಗಾರದಲ್ಲಿಟ್ಟು ಔಷಧಿ ಹಾಕಿದ್ದು, ನೆನಪಿನ ಮುಖದ ಹಾಗೆ ಇರುವುದಿಲ್ಲ. ದಾರಿಯಲ್ಲೇ ನೀನು, ನಿಮ್ಮ ಮಾವ ಇಬ್ಬರೇ ನೋಡಿ, ನೋಡಿದ್ದನ್ನು ಇದ್ದ ಹಾಗೆ ಲತಾಗೆ ಹೇಳಿ, ಆಮೇಲೆ ನೋಡುವುದು ಬಿಡುವುದು ಅವಳಿಗೆ ಬಿಡಿ ಅಂದೆ. ಬೇಡ ಅನ್ನಬೇಡಿ ಅಂತಲೂ ಹೇಳಿದೆ. ಅವಳು ಕೈ ಮಾತ್ರ ನೋಡಿದಳು. ಎಡಗೈಯ ಹಳೇ ಗಾಯದ ಗುರುತು ಹಿಡಿದಳಂತೆ. ನಂಬರಿಗೆ ಮೆಸೇಜು ಹೋಗುವುದು ಅಲ್ಲಿಗೆ ನಿಂತಿತು.

ಇಪ್ಪತ್ತೆರಡನೇ ದಿನ, ಶುಕ್ರವಾರ ಸಂಜೆ ಮಣ್ಣಾಯಿತು. ಕುಣಿ ತೋಡಿದ್ದು ಆಂಬುಲೆನ್ಸ್ ಹಿರಿಯೂರು ದಾಟಿದೆ ಅಂತ ಫೋನ್ ಬಂದ ಮೇಲೆ. ಅವತ್ತು ಏಳಕ್ಕೆ ಮೆಸೇಜು ಬರಲಿಲ್ಲ, ಒಂಬತ್ತಕ್ಕೆ ಬಂತು. ನನಗೂ ಕಳಿಸಿದ್ದ:

"ಅಣ್ಣ ಬಂದ. ಮಣ್ಣಾಯ್ತು. ಭಾನುವಾರ ಹಾಲು-ತುಪ್ಪ. ಊಟ ನಮ್ಮ ಮನೇಲೇ ಐತಿ, ಯಾರೂ ಬುತ್ತಿ ತರಬ್ಯಾಡ್ರಿ."