ಟೈಮ್‌ಶೀಟಿನ ಗಂಟೆಗೂ ಮುಗಿದ ಕೆಲಸಕ್ಕೂ ತಾಳೆ ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಎಂಟು ಜನರ ಸಾಫ್ಟ್‌ವೇರ್ ತಂಡ, ಎಲ್ಲರೂ ಅವರವರ ಊರಿನಿಂದಲೇ ಕೆಲಸ ಮಾಡುತ್ತಾರೆ. ಟೈಮ್‌ಶೀಟಿನಲ್ಲಿ ಎಲ್ಲರದ್ದೂ ವಾರಕ್ಕೆ 40 ಗಂಟೆ ಇರುತ್ತದೆ, ಮುಗಿದ ಕೆಲಸ ಮಾತ್ರ ಅಷ್ಟು ಕಾಣುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಹಾಕಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಇದೆ. ಆದರೆ ಮೊದಲು ತಾಳೆ ನೋಡುವ ರೀತಿ ಬದಲಾಗಬೇಕು. "ಇವರು 40 ಗಂಟೆ ಬರೆದರು, ಎರಡೇ ಟಿಕೆಟ್ ಮುಗಿಸಿದರು" ಎಂದು ಒಬ್ಬೊಬ್ಬರ ವಾರವನ್ನು ಅಳೆದರೆ ಉತ್ತರ ಬಹುತೇಕ ತಪ್ಪೇ ಬರುತ್ತದೆ. ಟಿಕೆಟ್ ಹಿಡಿದು ಅಳೆಯಿರಿ: ಈ ಒಂದು ಟಿಕೆಟಿಗೆ ಎಲ್ಲರೂ ಸೇರಿ ಎಷ್ಟು ಗಂಟೆ ಬರೆದಿದ್ದಾರೆ, ಇದೇ ಗಾತ್ರದ ಬೇರೆ ಟಿಕೆಟ್‌ಗಳಿಗೆ ಎಷ್ಟು ಹಿಡಿದಿದೆ? ಈ ಲೆಕ್ಕದ ಮೊದಲ ಸುತ್ತಿಗೆ ಯಾರ ಹೆಸರೂ ಬೇಕಾಗುವುದಿಲ್ಲ.

ಇದಕ್ಕೆ ಟೈಮ್‌ಶೀಟಿನ ಪ್ರತಿ ಸಾಲಿನಲ್ಲಿ ದಿನಾಂಕ, ಟಿಕೆಟ್ ಸಂಖ್ಯೆ, ಬಗೆ, ಗಂಟೆ, ಹೆಸರು ಇಷ್ಟಿದ್ದರೆ ಸಾಕು. ಬಗೆಗಳು ನಾಲ್ಕೇ ಇರಲಿ: ನೇರ ಕೆಲಸ, ಬೇರೆಯವರಿಗೆ ನೆರವು ಮತ್ತು ರಿವ್ಯೂ, ಮೀಟಿಂಗ್, ಕಾಯುವಿಕೆ. ಅರ್ಧ ಗಂಟೆಗಿಂತ ಚಿಕ್ಕ ಲೆಕ್ಕ ಕೇಳಬೇಡಿ. ಹದಿನೈದು ನಿಮಿಷದ ಖಾನೆ ಕೊಟ್ಟರೆ ಜನ ಅಂದಾಜಿನ ಮೇಲೆ ತುಂಬುತ್ತಾರೆ. ಆ ದಿನದ ಸಾಲು ಮರುದಿನ ಬೆಳಿಗ್ಗೆ 11ರೊಳಗೆ ಬರೆದಿರಬೇಕು. ಶುಕ್ರವಾರ ಸಂಜೆ ಇಡೀ ವಾರದ್ದನ್ನು ಕೂತು ತುಂಬಿದ್ದರೆ ನೋಡಿದರೆ ಗೊತ್ತಾಗುತ್ತದೆ: ಐದೂ ದಿನ 8, 8, 8, ಅರ್ಧ ಗಂಟೆಯ ಸಾಲು ಒಂದೂ ಇಲ್ಲ, ಕಾಯುವಿಕೆ ಸೊನ್ನೆ. ಇದನ್ನು ಮೋಸವೆಂದು ಎಣಿಸಬೇಡಿ, ನೆನಪು ಅಷ್ಟೇ ಉಳಿಯುವುದು. ಆದರೆ ಅಂಥ ಸಾಲುಗಳನ್ನು ಹೋಲಿಕೆಗೆ ಬಳಸಲೂ ಬೇಡಿ.

ಇನ್ನೊಂದು ಹಾಳೆಯಲ್ಲಿ ಟಿಕೆಟ್‌ಗಳು. ಕೆಲಸ ಶುರುವಾಗುವ ಮುಂಚೆಯೇ S, M, L ಎಂದು ಗಾತ್ರ ಹಾಕಿರಬೇಕು. ಮುಗಿದ ಮೇಲೆ ಹಾಕಿದರೆ ಹೆಚ್ಚು ಹೊತ್ತು ಹಿಡಿದದ್ದೆಲ್ಲ L ಆಗಿಬಿಡುತ್ತದೆ. "ಮುಗಿಯಿತು" ಎಂದರೆ ಟೆಸ್ಟಿಂಗ್‌ನಲ್ಲಿ ಪಾಸಾದದ್ದು, ಬರೆದವರು ಬೋರ್ಡಿನಲ್ಲಿ ಮುಚ್ಚಿದ್ದಲ್ಲ. ಎರಡು ವಾರದೊಳಗೆ ಮತ್ತೆ ತೆರೆದುಕೊಂಡರೆ ಆ ಗಂಟೆಗಳೂ ಅದೇ ಸಂಖ್ಯೆಗೆ ಸೇರಲಿ. ಟೈಮ್‌ಶೀಟಿನ ಹಾಳೆಗೆ `Log`, ಟಿಕೆಟ್‌ಗಳ ಹಾಳೆಗೆ `Tasks` ಎಂದು ಹೆಸರಿಡಿ. `Tasks` ಹಾಳೆಯ A ಕಾಲಮ್ಮಿನಲ್ಲಿ ಟಿಕೆಟ್ ಸಂಖ್ಯೆ, B ಕಾಲಮ್ಮಿನಲ್ಲಿ ಗಾತ್ರ ಇರಲಿ. ಗೂಗಲ್ ಶೀಟ್ಸ್‌ನಲ್ಲಿ ಎರಡು ಸೂತ್ರ ಸಾಕು:

```
=SUMIFS(Log!D:D, Log!B:B, A2, Log!C:C, "ನೇರ ಕೆಲಸ")
=MEDIAN(FILTER(Tasks!D2:D200, Tasks!B2:B200="M"))
```

ಮೊದಲನೆಯದು ಒಂದು ಟಿಕೆಟಿನ ನೇರ ಕೆಲಸದ ಒಟ್ಟು ಗಂಟೆ. ಅದನ್ನು ಮುಗಿದ ಟಿಕೆಟ್‌ಗಳಿಗೆ ಮಾತ್ರ `Tasks` ಹಾಳೆಯ D ಕಾಲಮ್ಮಿನಲ್ಲಿ ಇಡಿ. ಎರಡನೆಯದು M ಗಾತ್ರದ ಟಿಕೆಟ್‌ಗಳ ನಡುಬೆಲೆ, ಅಂದರೆ ಗಂಟೆಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ. ಕನಿಷ್ಠ ನಾಲ್ಕು ವಾರದ ಲೆಕ್ಕ ಒಟ್ಟಿಗೆ ಹಿಡಿಯಿರಿ. ಮಂಗಳವಾರ ಹಿಡಿದ ಟಿಕೆಟ್ ಮುಂದಿನ ಗುರುವಾರ ಮುಗಿದರೆ ಒಂದೇ ವಾರದ ಲೆಕ್ಕದಲ್ಲಿ ಗಂಟೆ ಒಂದು ಕಡೆ, ಫಲ ಇನ್ನೊಂದು ಕಡೆ ಬೀಳುತ್ತದೆ.

ಉದಾಹರಣೆಗೆ, ನಾಲ್ಕು ವಾರದಲ್ಲಿ ಒಂಬತ್ತು M ಟಿಕೆಟ್ ಮುಗಿದು, ಅವುಗಳ ಗಂಟೆ 9, 10, 11, 12, 12, 14, 15, 16, 31 ಎಂದಿಟ್ಟುಕೊಳ್ಳಿ. ನಡುಬೆಲೆ 12. ಸರಾಸರಿ ತೆಗೆದರೆ 14.4 ಬರುತ್ತದೆ, ಏಕೆಂದರೆ ಆ ಒಂದು 31 ಎಲ್ಲವನ್ನೂ ಮೇಲಕ್ಕೆ ಎಳೆಯುತ್ತದೆ. ನಡುಬೆಲೆ ಬಳಸುವುದು ಅದಕ್ಕೇ. ನಡುಬೆಲೆಯ ಎರಡು ಪಟ್ಟು, ಅಂದರೆ 24 ದಾಟಿದ್ದನ್ನು ಮಾತ್ರ ವಿಚಾರಿಸಿ. ಇಲ್ಲಿ ಅದು ಒಂದೇ ಟಿಕೆಟ್. ಆ ಸಾಲುಗಳನ್ನು ಬರೆದವರ ಜೊತೆ ಕೂತು ನೋಡಿದಾಗ ಕ್ಲೈಂಟಿನ ಟೆಸ್ಟ್ ಸರ್ವರ್ ಎರಡು ದಿನ ಕೆಟ್ಟಿತ್ತು, ಕಾದ 13 ಗಂಟೆಯನ್ನೂ ನೇರ ಕೆಲಸವೆಂದೇ ಬರೆದಿದ್ದರು ಎಂದು ತಿಳಿದರೆ, ಉಳಿಯುವುದು 18. ತಿದ್ದಬೇಕಾದದ್ದು ಸರ್ವರನ್ನು. ಕಾಯುವಿಕೆಗೆ ಬೇರೆ ಖಾನೆ ಬೇಕೆಂದದ್ದೂ ಇದಕ್ಕೇ. ಅದಿಲ್ಲದ ಟೈಮ್‌ಶೀಟಿನಲ್ಲಿ ಈ ನಷ್ಟ ಯಾರದೋ ನಿಧಾನದಂತೆ ಕಾಣುತ್ತದೆ.

ಈಗ ನಿಮ್ಮ 40 ಗಂಟೆಯ ವಿಷಯ. ತಂಡದ ಹಿರಿಯರೊಬ್ಬರ ವಾರ ಹೀಗಿರಬಹುದು: ನೇರ ಕೆಲಸ 17, ನೆರವು ಮತ್ತು ರಿವ್ಯೂ 14, ಮೀಟಿಂಗ್ 6, ಕಾಯುವಿಕೆ 3. ಒಟ್ಟು 40 ಸರಿಯಾಗಿಯೇ ಇದೆ, ಅವರ ಹೆಸರಿನಲ್ಲಿ ಮುಗಿದದ್ದು ಒಂದೇ ಟಿಕೆಟ್. ಟಿಕೆಟ್ ಎಣಿಸಿದರೆ ಇವರೇ ಕೊನೆಯ ಸ್ಥಾನ. ಆ 14 ಗಂಟೆ ನಿಜವೇ ಎಂದು ತಿಳಿಯಲು ಕ್ಯಾಮೆರಾ ಬೇಡ. ಬೇರೆಯವರ ಕೋಡಿನ ಮೇಲೆ ಅವರು ಬರೆದ ರಿವ್ಯೂ ಟಿಪ್ಪಣಿಗಳು ಅಲ್ಲೇ ಇರುತ್ತವೆ. ಆ ಹದಿನಾಲ್ಕು ಗಂಟೆಗೆ ಟಿಕೆಟ್ ಸಂಖ್ಯೆ ಇರಲಿ ಎಂದಷ್ಟೇ ಕೇಳಿ.

ಕಮಿಟ್ ಎಣಿಸುವ ಆಸೆ ಬರುತ್ತದೆ, ಬಿಟ್ಟುಬಿಡಿ. ಸ್ಕ್ವಾಷ್ ಮಾಡಿದರೆ ಹತ್ತು ಕಮಿಟ್ ಒಂದಾಗುತ್ತದೆ, ರೀಬೇಸ್ ಮಾಡಿದರೆ ಕಮಿಟ್ ಆದ ಸಮಯವೇ ಬದಲಾಗುತ್ತದೆ. ಅದು ಹಾಜರಿ ಪುಸ್ತಕವಲ್ಲ. ಎಷ್ಟು ಟಿಕೆಟ್ ಮುಗಿಯಿತು ಎಂಬುದನ್ನೇ ಗುರಿ ಮಾಡಿದರೂ ಕೆಡುತ್ತದೆ: ಒಂದು M ಅನ್ನು ಮೂರು S ಮಾಡಿ ಒಡೆಯುತ್ತಾರೆ. S ಟಿಕೆಟ್‌ಗಳ ಸಂಖ್ಯೆ ಏರುತ್ತಿದ್ದು ಬಿಡುಗಡೆಯಾಗುವ ಕೆಲಸ ಅಷ್ಟೇ ಇದ್ದರೆ ಇದೇ ಆಗುತ್ತಿದೆ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದರ ತಿರುಗುಮುರುಗು, ಅಂದರೆ ಕಡಿಮೆ ಬರೆಯುವವರು. ನಿಧಾನ ಎನ್ನಿಸಿಕೊಳ್ಳಬಾರದೆಂದು ರಾತ್ರಿ ಹತ್ತರ ನಂತರದ ಮೂರು ಗಂಟೆಯನ್ನು ಬರೆಯುವುದೇ ಇಲ್ಲ. 15 ಗಂಟೆಯ ಕೆಲಸ ಹಾಳೆಯಲ್ಲಿ 12 ಆಗುತ್ತದೆ, ಮುಂದಿನ ಕ್ಲೈಂಟಿಗೆ ನೀವು 12ರ ಲೆಕ್ಕದಲ್ಲೇ ಬೆಲೆ ಹೇಳುತ್ತೀರಿ, ಆ ಕೊರತೆ ಮತ್ತೆ ಅದೇ ಜನರ ರಾತ್ರಿಗೆ ಬೀಳುತ್ತದೆ. ಗಂಟೆಯನ್ನು ಇನ್‌ಕ್ರಿಮೆಂಟಿಗೆ ಕಟ್ಟಿದ ಕಡೆ ಇದು ಖಂಡಿತ ಆಗುತ್ತದೆ.

ಆದ್ದರಿಂದ ನಿಯಮಗಳನ್ನು ಎಂಟೂ ಜನರನ್ನು ಕೂರಿಸಿಕೊಂಡು ಒಂದು ಪುಟದಲ್ಲಿ ಬರೆಯಿರಿ, ಆರು ವಾರದ ಪ್ರಯೋಗವೆಂದು ಮೊದಲೇ ಹೇಳಿ. ನಾನಾದರೆ ಆ ಪುಟದಲ್ಲಿ ಇವನ್ನು ಬಿಡುವುದಿಲ್ಲ:

- ಸ್ಕ್ರೀನ್‌ಶಾಟ್, ಕೀಬೋರ್ಡ್ ಎಣಿಕೆ, ಕ್ಯಾಮೆರಾ ಇಲ್ಲ. ಚಾಟಿನ ಹಸಿರು ಚುಕ್ಕೆ ಹಾಜರಿಯಲ್ಲ.
- ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮೆಸೇಜಿಗೆ ಒಂದು ಗಂಟೆಯೊಳಗೆ ಉತ್ತರ. ಉಳಿದ ಹೊತ್ತು ಅವರವರ ಅನುಕೂಲ.
- ಹೆಸರಿರುವ ಸಾಲುಗಳು ಬರೆದವರಿಗೂ ಮ್ಯಾನೇಜರಿಗೂ ಮಾತ್ರ. ಎಲ್ಲರೂ ನೋಡುವ ಹಾಳೆಯಲ್ಲಿ ಟಿಕೆಟಿನ ಒಟ್ಟು ಮೊತ್ತ ಮಾತ್ರ.
- ಬಿಲ್ ಇತ್ಯರ್ಥವಾದ 90 ದಿನದ ಮೇಲೆ ಹೆಸರಿನ ಕಾಲಮ್ ಅಳಿಸುವುದು. ಬೇರೆ ಕಾನೂನು ಅಥವಾ ಕ್ಲೈಂಟಿನ ಕರಾರು ಇಟ್ಟುಕೊಳ್ಳಲು ಹೇಳಿದ್ದರೆ ಅದನ್ನೂ ಅಲ್ಲೇ ಬರೆಯುವುದು.
- ಎರಡು ಪಟ್ಟು ದಾಟಿದರೆ ಮೊದಲು ಖಾಸಗಿಯಾಗಿ 15 ನಿಮಿಷದ ಮಾತು. ಒಬ್ಬರದ್ದೇ ಮೂರು ಟಿಕೆಟ್ ಕಾರಣ ಸಿಗದೆ ದಾಟಿದರೆ ಮಾತ್ರ ಮುಂದಿನ ಹೆಜ್ಜೆ.

ಮೂರನೆಯ, ನಾಲ್ಕನೆಯ ನಿಯಮಗಳು ಸೌಜನ್ಯಕ್ಕಷ್ಟೇ ಅಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಮೇಲೆ ಬಂತು. ಹೆಸರು ಎಷ್ಟು ಸೂಕ್ಷ್ಮವೆಂಬುದಕ್ಕೆ ಮೈಕ್ರೋಸಾಫ್ಟ್ 365ರ `Productivity Score` ನೋಡಿ: ಒಬ್ಬೊಬ್ಬರ ಹೆಸರು ಹಿಡಿದು ಬಳಕೆ ತೋರಿಸುತ್ತಿದ್ದ ಅದನ್ನು ಟೀಕೆಗಳ ನಂತರ ಕಂಪನಿ 2020ರ ಡಿಸೆಂಬರಿನಲ್ಲಿ ಬದಲಿಸಿ ಹೆಸರುಗಳನ್ನು ತೆಗೆಯಿತು.

ಈ ವಿಧಾನಕ್ಕೆ ಮಿತಿಯೂ ಇದೆ. ಒಂದು ಗಾತ್ರದಲ್ಲಿ ಏಳೆಂಟಕ್ಕಿಂತ ಕಡಿಮೆ ಟಿಕೆಟ್ ಇದ್ದರೆ ನಡುಬೆಲೆಯನ್ನು ನಂಬಬೇಡಿ. ನಿಮ್ಮ L ಟಿಕೆಟ್‌ಗಳು ತಿಂಗಳಿಗೆ ಎರಡೋ ಮೂರೋ ಇರಬಹುದು. ಅವನ್ನು ಸೂತ್ರಕ್ಕೆ ಹಾಕದೆ, ಹಿಡಿದವರ ಜೊತೆ ವಾರಕ್ಕೊಮ್ಮೆ "ಎಷ್ಟು ಉಳಿದಿದೆ" ಎಂದು ಕೇಳಿ ಬರೆದಿಡಿ. ಸತತ ಎರಡು ವಾರ ಉಳಿದ ಗಂಟೆ ಇಳಿಯದೇ ಇದ್ದರೆ ಆ ಟಿಕೆಟನ್ನು ಒಡೆಯುವ ಹೊತ್ತು ಬಂದಿದೆ.