ನೇರಳೆ ಟ್ಯೂಬಿನ ರಕ್ತ ಕೆಂಪು ಟ್ಯೂಬಿಗೆ ಹೋದರೆ

ಪ್ರಶ್ನೆ: ಡಿಎಂಎಲ್‌ಟಿ ಎರಡನೇ ವರ್ಷ ಓದುತ್ತಿದ್ದೇನೆ. ರಕ್ತ ತೆಗೆಯುವಾಗ ಟ್ಯೂಬ್‌ಗಳ ಆರ್ಡರ್ ಆಫ್ ಡ್ರಾ ನೆನಪಿಡಲು ಸುಲಭವಾದ ಸೂತ್ರ ಇದ್ದರೆ ಹೇಳಿ. ಆರ್ಡರ್ ಹಿಂದೆಮುಂದೆ ಆದರೆ ನಿಜವಾಗಲೂ ರಿಪೋರ್ಟ್ ಕೆಡುತ್ತಾ?

ಸೂತ್ರ ನನಗೂ ಬಾಯಿಗೆ ಬರುತ್ತಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೂ ನನ್ನ ಕೈಯಿಂದ ಹೋದ ಒಂದು ರಿಪೋರ್ಟಿನಿಂದ ಒಬ್ಬರ ಆಪರೇಷನ್ ಮುಂದಕ್ಕೆ ಹೋಯಿತು, ಅವರಿಗೆ ಬೇಡದ ಇನ್ಸುಲಿನ್ ಹೋಯಿತು, ನನ್ನ ಹೆಸರಿಗೆ ಮೆಮೊ ಬಂತು. ಆಗ ನಾನು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ನೋಡಿಕೊಳ್ಳುತ್ತಿದ್ದೆ.

ಹೆಂಗಸು, ವಯಸ್ಸು ಐವತ್ತರ ಆಸುಪಾಸು, ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಸೇರಿದ್ದರು. ವಾರ್ಡಿನಿಂದ ಮೂರು ಟ್ಯೂಬ್ ಬಂತು: ತಿಳಿನೀಲಿ, ಕೆಂಪು, ನೇರಳೆ. ಕೆಂಪು ಟ್ಯೂಬಿನ ರಕ್ತ ಹೆಪ್ಪುಗಟ್ಟಲು ಎಂದಿಗಿಂತ ಜಾಸ್ತಿ ಹೊತ್ತು ತಗೊಂಡಿತು. ನಾನು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಸೀರಂ ಚೆನ್ನಾಗಿಯೇ ಇತ್ತು. ತಿಳಿಹಳದಿ ಬಣ್ಣ, ಕೆಂಪು ಛಾಯೆ ಒಂಚೂರೂ ಇಲ್ಲ. ಮೆಷಿನ್ನಿಗೆ ಇಟ್ಟೆ. ಪೊಟ್ಯಾಸಿಯಂ 6.6 ಬಂತು.

ಪೊಟ್ಯಾಸಿಯಂ ಐದರ ಆಸುಪಾಸು ದಾಟಿತು ಅಂದರೇ ಗಮನ ಕೊಡಬೇಕು. 6.6 ಅಂದರೆ ಹೃದಯದ ಬಡಿತಕ್ಕೇ ಅಪಾಯ, ತಕ್ಷಣ ಫೋನ್ ಮಾಡಬೇಕಾದ ಸಂಖ್ಯೆ. ಪೊಟ್ಯಾಸಿಯಂ ಸುಳ್ಳಾಗಿ ಏರಲು ಎಲ್ಲರೂ ಮೊದಲು ಹೇಳುವ ಕಾರಣ ಹೀಮೋಲಿಸಿಸ್, ಅಂದರೆ ಕೆಂಪು ಕಣಗಳು ಒಡೆದು ಒಳಗಿನದು ಹೊರಗೆ ಬರುವುದು. ಆಗ ಸೀರಂ ಕೆಂಪಾಗುತ್ತದೆ. ಇಲ್ಲಿ ಸೀರಂ ಶುದ್ಧವಾಗಿತ್ತು. ಆದರೂ ಅನುಮಾನಕ್ಕೆ ಅದೇ ಸ್ಯಾಂಪಲ್ಲನ್ನು ಮತ್ತೆ ಓಡಿಸಿದೆ. 6.6. ಕಂಟ್ರೋಲ್ ಓಡಿಸಿದೆ, ಸರಿಯಾಗಿಯೇ ಬಂತು. ಮತ್ತೆ ಓಡಿಸಿದೆ, 6.5. ಫೋನ್ ಎತ್ತಿಕೊಂಡು ಡ್ಯೂಟಿ ಡಾಕ್ಟರಿಗೆ ಹೇಳಿದೆ: "ಸರ್, ರಿಪೀಟ್ ಮಾಡಿದ್ದೇನೆ, ಕನ್ಫರ್ಮ್."

ಆ "ಕನ್ಫರ್ಮ್" ಅನ್ನುವ ಮಾತೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗಲೂ ಎಷ್ಟೋ ಲ್ಯಾಬಿನಲ್ಲಿ ಹೀಗೇ ಮಾಡುತ್ತಾರೆ. ನಾನು ಪರೀಕ್ಷೆ ಮಾಡಿದ್ದು ಮೆಷಿನ್ನನ್ನು, ಸ್ಯಾಂಪಲ್ಲನ್ನಲ್ಲ. ಉಪ್ಪು ಜಾಸ್ತಿಯಾದ ಸಾರನ್ನು ಎಷ್ಟು ಸಲ ನಾಲಿಗೆಗೆ ಇಟ್ಟರೂ ಉಪ್ಪೇ ತಾನೆ? ಮೆಷಿನ್ ಸುಳ್ಳು ಹೇಳಿರಲಿಲ್ಲ. ಆ ಟ್ಯೂಬಿನೊಳಗೆ ನಿಜವಾಗಿಯೇ ಅಷ್ಟು ಪೊಟ್ಯಾಸಿಯಂ ಇತ್ತು. ಅದು ಆಯಮ್ಮನ ಮೈಯಿಂದ ಬಂದದ್ದಲ್ಲ, ಅಷ್ಟೇ. ಇನ್ನೊಂದು ವಿಷಯ ಅಂದರೆ, ಉತ್ತರ ಅದೇ ರಿಪೋರ್ಟಿನ ಎರಡನೇ ಪುಟದಲ್ಲಿ ಕೂತಿತ್ತು. ಕ್ಯಾಲ್ಸಿಯಂ 5.2. ಎಎಲ್‌ಪಿ ಅನ್ನುವ ಕಿಣ್ವ 21, ಅದೂ ಕಮ್ಮಿ. ಪೊಟ್ಯಾಸಿಯಂ ಎಲೆಕ್ಟ್ರೋಲೈಟ್ ಪಟ್ಟಿಯಲ್ಲಿ, ಕ್ಯಾಲ್ಸಿಯಂ ಮತ್ತು ಎಎಲ್‌ಪಿ ಬೇರೆ ಪಟ್ಟಿಯಲ್ಲಿ ಪ್ರಿಂಟ್ ಆಗುತ್ತಿತ್ತು. ನಾನು ಮೊದಲ ಪುಟ ಹಿಡಿದುಕೊಂಡೇ ಫೋನಿಗೆ ಓಡಿದ್ದೆ. ಕ್ಯಾಲ್ಸಿಯಂ ಸಾಮಾನ್ಯವಾಗಿ 8.5ರಿಂದ 10.5ರ ಒಳಗಿರುತ್ತದೆ. 5.2 ಇರುವ ಮನುಷ್ಯರು ಆರಾಮಾಗಿ ಕೂತು ಕಾಫಿ ಕುಡಿಯುವುದು ಕಷ್ಟ. ಕೈಕಾಲು ಸೆಟೆದುಕೊಳ್ಳುತ್ತದೆ. ಆಯಮ್ಮ ಮಗಳ ಜೊತೆ ಮಾತಾಡುತ್ತ ಕೂತಿದ್ದರಂತೆ.

ಲ್ಯಾಬಿನವರು ಕನ್ಫರ್ಮ್ ಅಂದ ಮೇಲೆ ಡಾಕ್ಟರು ಯಾಕೆ ಕಾಯುತ್ತಾರೆ? ಪೊಟ್ಯಾಸಿಯಂ ಇಳಿಸಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಆಯಮ್ಮನಿಗೆ ಬೆವರು, ನಡುಕ. ಶುಗರ್ ಇಳಿದಿತ್ತು. ಇಸಿಜಿ ಮಾತ್ರ ನಾರ್ಮಲ್. ಆಮೇಲೆ ನಮ್ಮ ಪ್ಯಾಥಾಲಜಿ ಮೇಡಂ ರಿಪೋರ್ಟ್ ನೋಡಿ, ಎರಡು ಪುಟ ಪಕ್ಕಪಕ್ಕ ಇಟ್ಟು, "ಇದು ನೇರಳೆ ಟ್ಯೂಬಿನ ಇಡಿಟಿಎ ಕಣಯ್ಯಾ" ಅಂದರು. ಇನ್ನೊಂದು ಕೈಯಿಂದ ಹೊಸ ರಕ್ತ ತರಿಸಿದರು. ಪೊಟ್ಯಾಸಿಯಂ 3.6, ಕ್ಯಾಲ್ಸಿಯಂ 9.3. ಆ 3.6ರಲ್ಲೂ ಇನ್ಸುಲಿನ್ನಿನ ಪಾಲಿದೆ.

ವಾರ್ಡಿನ ಸಿಸ್ಟರನ್ನು ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಕೆಂಪಿಗೆ ಕಮ್ಮಿ ಬಿತ್ತು. ನೇರಳೆಯಲ್ಲಿ ಜಾಸ್ತಿ ಇತ್ತು, ಅದರಿಂದ ಒಂಚೂರು ಹಾಕಿದೆ. ರಕ್ತ ಅದೇ ಪೇಷಂಟಿನದೇ ಅಲ್ವಾ?"

ನೋಡಿ, ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನಿಮಗೆ ಸೂತ್ರ ಬೇಕಾಗಿಲ್ಲ. ಒಂದು ಖಾಲಿ ನೇರಳೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಗೋಡೆಗೆ ಸಣ್ಣದಾಗಿ ಬಿಳಿ ಹನಿಗಳು ಒಣಗಿ ಅಂಟಿಕೊಂಡಂತೆ ಕಾಣುತ್ತದೆ. ಅದೇ ಕೆ2 ಇಡಿಟಿಎ. ಕೆ ಅಂದರೆ ಪೊಟ್ಯಾಸಿಯಂ. ರಕ್ತ ಹೆಪ್ಪುಗಟ್ಟಬೇಕಾದರೆ ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಅದನ್ನು ಹಿಡಿದುಕೊಂಡು ಬಿಡುವುದಿಲ್ಲ, ಹಾಗಾಗಿ ರಕ್ತ ದ್ರವವಾಗಿಯೇ ಇರುತ್ತದೆ. ಸಿಬಿಸಿಗೆ ನಮಗೆ ಬೇಕಾದದ್ದೂ ಅದೇ. ಆದರೆ ಆ ಟ್ಯೂಬಿನ ಪ್ಲಾಸ್ಮಾದಲ್ಲಿ ಪೊಟ್ಯಾಸಿಯಂ ನೋಡಿದರೆ ಸಾಮಾನ್ಯವಾಗಿ ಹದಿನಾಲ್ಕಕ್ಕಿಂತ ಮೇಲಿರುತ್ತದೆ. ಅದರಲ್ಲಿ ಕಾಲು ಎಂಎಲ್ ಎರಡು ಎಂಎಲ್ ಶುದ್ಧ ರಕ್ತಕ್ಕೆ ಸೇರಿದರೂ ಪೊಟ್ಯಾಸಿಯಂ ಒಂದಕ್ಕಿಂತ ಜಾಸ್ತಿ ಏರುತ್ತದೆ, ಕ್ಯಾಲ್ಸಿಯಂ ಧಡ್ ಅಂತ ಬೀಳುತ್ತದೆ. ಎಎಲ್‌ಪಿ ಕೆಲಸ ಮಾಡಲು ಸತು, ಮೆಗ್ನೀಸಿಯಂ ಬೇಕು. ಇಡಿಟಿಎ ಅವನ್ನೂ ಹಿಡಿಯುವುದರಿಂದ ಎಎಲ್‌ಪಿಯೂ ಇಳಿಯುತ್ತದೆ. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ, ಎಎಲ್‌ಪಿ ಕೆಳಗೆ: ಈ ಮೂರು ಒಟ್ಟಿಗೆ ಬಂದರೆ ಫೋನ್ ಮಾಡಿ ಕೇಳಬೇಕಾದದ್ದು ಹೊಸ ರಕ್ತವನ್ನು. ಹೀಮೋಲಿಸಿಸ್‌ನಲ್ಲಿ ಪೊಟ್ಯಾಸಿಯಂ ಏರಿದರೂ ಕ್ಯಾಲ್ಸಿಯಂ ಹೀಗೆ ಕುಸಿಯುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಸ್ವಲ್ಪವೇ ಬೆರೆತಾಗ ಆಗುತ್ತದೆ. ಪೊಟ್ಯಾಸಿಯಂ ನಿಜಕ್ಕೂ 2.9 ಇರುವವರಿಗೆ ಒಂಚೂರು ಇಡಿಟಿಎ ಸೇರಿ 3.8 ಬಂದರೆ, ನೋಡಿದವರು "ನಾರ್ಮಲ್" ಅಂತ ಸಹಿ ಹಾಕಿಬಿಡುತ್ತಾರೆ. ಅಂಥದ್ದನ್ನು ಹಿಡಿಯಲು ಇಳಿದ ಕ್ಯಾಲ್ಸಿಯಮ್ಮೇ ಮುಖ್ಯ ಸುಳಿವು. ಕ್ಯಾಲ್ಸಿಯಂ ಬರೆದುಕೊಟ್ಟಿಲ್ಲದಿದ್ದರೆ ಅದೂ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆರ್ಡರ್ ತಪ್ಪಿದರೆ ಕೆಡುತ್ತಾ? ನಿಜ ಹೇಳಬೇಕೆಂದರೆ, ವ್ಯಾಕ್ಯೂಮ್ ಟ್ಯೂಬನ್ನು ಹೋಲ್ಡರ್ ಸೂಜಿಗೆ ಸರಿಯಾಗಿ ಚುಚ್ಚಿ, ಟ್ಯೂಬಿನ ತಳ ಕೆಳಗಿರುವಂತೆ ಹಿಡಿದರೆ, ನೇರಳೆ ಮೊದಲು ಹೋದರೂ ಬಹಳ ಸಲ ಏನೂ ಆಗುವುದಿಲ್ಲ. ರಕ್ತ ತಳಕ್ಕೆ ಬೀಳುತ್ತದೆ, ಸೂಜಿಗೆ ತಾಗುವುದಿಲ್ಲ. ಟ್ಯೂಬ್ ತಲೆಕೆಳಗಾಗಿ ರಕ್ತ ಮುಚ್ಚಳಕ್ಕೆ ಬಡಿದರೆ ಮಾತು ಬೇರೆ. ಅದಕ್ಕೇ ಆರ್ಡರನ್ನು ಯಾರೂ ಕೈಬಿಟ್ಟಿಲ್ಲ. ಆದರೆ ನಮ್ಮ ವಾರ್ಡುಗಳಲ್ಲಿ ಎಷ್ಟು ಜನ ವ್ಯಾಕ್ಯೂಮಿನಲ್ಲಿ ತೆಗೆಯುತ್ತಾರೆ? ಸಿರಿಂಜಿನಲ್ಲಿ ಎಳೆದು, ಸೂಜಿ ತೆಗೆದು, ಮುಚ್ಚಳ ಬಿಚ್ಚಿದ ಟ್ಯೂಬಿಗೆ ಹಾಕುವುದೇ ಜಾಸ್ತಿ. ಹಾಕುವಾಗ ಸಿರಿಂಜಿನ ಮೂತಿ ನೇರಳೆ ಟ್ಯೂಬಿನ ಗೋಡೆಗೆ ತಾಗಿಸುತ್ತಾರೆ. ಆ ಬಿಳಿ ಪದರ ಮೂತಿಗೆ ಅಂಟುತ್ತದೆ. ಅದೇ ಮೂತಿ ಆಮೇಲೆ ಕೆಂಪಿಗೆ ಹೋಗುತ್ತದೆ. ಆರ್ಡರ್ ನಿಜವಾಗಿ ಕಾಯುವುದು ಇಲ್ಲಿ. ಕೊನೆಗೆ ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿದರೆ ಯಾವ ಆರ್ಡರೂ ಕಾಯುವುದಿಲ್ಲ. ನಮ್ಮ ಸಿಸ್ಟರ್ ನೀಲಿ, ಕೆಂಪು, ನೇರಳೆ ಅಂತ ಸರಿಯಾದ ಆರ್ಡರಿನಲ್ಲೇ ತುಂಬಿದ್ದರು!

ತಿಳಿನೀಲಿ ಟ್ಯೂಬಿನ ಕಥೆ ಬೇರೆ. ಅದರಲ್ಲಿ ಸೋಡಿಯಂ ಸಿಟ್ರೇಟ್ 3.2 ಶೇಕಡಾ ದ್ರವ ಇರುತ್ತದೆ. ಸಿಟ್ರೇಟ್ ಕೂಡ ಕ್ಯಾಲ್ಸಿಯಂ ಹಿಡಿಯುತ್ತದೆ, ಆದರೆ ಹಿಡಿತ ಸಡಿಲ. ಪಿಟಿ, ಎಪಿಟಿಟಿ ಮಾಡುವಾಗ ಹೊರಗಿನಿಂದ ಕ್ಯಾಲ್ಸಿಯಂ ಹಾಕಿದರೆ ರಕ್ತ ಮತ್ತೆ ಹೆಪ್ಪುಗಟ್ಟಲು ಶುರುಮಾಡುತ್ತದೆ. ಎಷ್ಟು ಸೆಕೆಂಡಿಗೆ ಅನ್ನುವುದೇ ಪರೀಕ್ಷೆ. ಹಾಕುವ ಕ್ಯಾಲ್ಸಿಯಂ ಪ್ರಮಾಣ ಗೊತ್ತುಮಾಡಿರುವುದು ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಅನ್ನುವ ಲೆಕ್ಕಕ್ಕೆ. ಸಿಟ್ರೇಟ್ 0.3 ಎಂಎಲ್ ಇದ್ದರೆ ರಕ್ತ 2.7 ಎಂಎಲ್ ಬೇಕು. ನೀವು 1.5 ಎಂಎಲ್ ಹಾಕಿ ಕಳಿಸಿದರೆ ಸಿಟ್ರೇಟ್ ಮಿಕ್ಕುತ್ತದೆ, ಹೊರಗಿನಿಂದ ಹಾಕಿದ ಕ್ಯಾಲ್ಸಿಯಮ್ಮನ್ನೂ ಅದೇ ನುಂಗುತ್ತದೆ, ಸೆಕೆಂಡು ಎಳೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವ ಪೇಷಂಟಿನಲ್ಲಿ, ಪಿಟಿಯಿಂದ ಲೆಕ್ಕ ಹಾಕುವ ಐಎನ್‌ಆರ್ ಸುಳ್ಳಾಗಿ ಏರಿ, ಡಾಕ್ಟರು ಮಾತ್ರೆ ಕಮ್ಮಿ ಮಾಡುತ್ತಾರೆ. ಹೃದಯಕ್ಕೆ ವಾಲ್ವ್ ಹಾಕಿಸಿಕೊಂಡವರಾದರೆ ಏನಾಗಬಹುದು ಅಂತ ನೀವೇ ಯೋಚಿಸಿ. ಗೆರೆಯವರೆಗೆ ತುಂಬದ ನೀಲಿ ಟ್ಯೂಬನ್ನು ನಾನು ಈಗ ಮುಖ ನೋಡದೆ ವಾಪಸ್ ಕಳಿಸುತ್ತೇನೆ. ಬೈಸಿಕೊಳ್ಳುತ್ತೇನೆ, ಪರವಾಗಿಲ್ಲ.

ಬಟರ್‌ಫ್ಲೈ ಸೂಜಿಯಲ್ಲಿ ನೀಲಿಯನ್ನೇ ಮೊದಲು ಚುಚ್ಚಿದರೆ ಪೈಪಿನೊಳಗಿನ ಗಾಳಿ ಟ್ಯೂಬಿಗೆ ಹೋಗಿ ರಕ್ತ ಕಮ್ಮಿ ಬೀಳುತ್ತದೆ. ಹಾಗಾಗಿ ಮೊದಲು ಒಂದು ಬಿಸಾಡುವ ಟ್ಯೂಬ್ ಹಾಕಿ. ಅದು ಇನ್ನೊಂದು ನೀಲಿಯೇ ಆಗಿರಲಿ ಅಥವಾ ಏನೂ ಬೆರೆಸದ ಟ್ಯೂಬ್ ಆಗಿರಲಿ. ಹೆಪ್ಪುಗಟ್ಟಿಸುವ ಪುಡಿ ಇರುವ ಕೆಂಪನ್ನು ಹಾಕಬೇಡಿ, ಆ ಪುಡಿ ನೀಲಿಗೆ ಸೇರಿದರೆ ಸೆಕೆಂಡುಗಳ ಲೆಕ್ಕವೇ ಕೆಡುತ್ತದೆ. ನೀಲಿ ಕೆಂಪಿಗಿಂತ ಮೊದಲು ಬರುವುದೂ ಇದಕ್ಕೇ.

ಪರೀಕ್ಷೆಗೆ ಬೇಕಾದ ಉತ್ತರ: ಬ್ಲಡ್ ಕಲ್ಚರ್ ಬಾಟಲಿ, ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಬೂದು. ಕಲ್ಚರ್ ಮೊದಲು ಯಾಕೆಂದರೆ ಬೇರೆ ಟ್ಯೂಬಿನ ಕ್ರಿಮಿ ಅದಕ್ಕೆ ಹೋಗಬಾರದು. ಬೂದು ಕೊನೆಗೆ ಯಾಕೆಂದರೆ ಅದರಲ್ಲಿ ಫ್ಲೋರೈಡ್ ಜೊತೆ ಹೆಚ್ಚಾಗಿ ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತದೆ, ಆಕ್ಸಲೇಟೂ ಕ್ಯಾಲ್ಸಿಯಮ್ಮಿನ ಶತ್ರುವೇ.

ವಾರ್ಡಿಗೆ ಹೋದಾಗ ರಕ್ತ ಸಾಲದೇ ಬಂದರೆ ಯಾವುದರಿಂದಲೂ ಯಾವುದಕ್ಕೂ ಸುರಿಯಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಯಾವ ಟೆಸ್ಟ್ ಈಗಲೇ ಬೇಕು ಅಂತ ಕೇಳಿ, ಆ ಟ್ಯೂಬ್ ಪೂರ್ತಿ ತುಂಬಿ ಕಳಿಸಿ. ಮಿಕ್ಕದ್ದಕ್ಕೆ ಇನ್ನೊಂದು ಸಲ ಚುಚ್ಚಿ. ಪೇಷಂಟ್ ಗೊಣಗಿದರೆ ಗೊಣಗಲಿ.